ಮೊದಲು ಅಚ್ಚರಿ, ಆಮೇಲೆ ಸೂತ್ರ

ಬೋಧನಾಭ್ಯಾಸದ ಪಾಠ ವೀಕ್ಷಣೆಗೆ ಹೋದಾಗ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯ ಪುಸ್ತಕವನ್ನು ಮೊದಲು ತಿರುವಿ ನೋಡುವುದು ನನ್ನ ರೂಢಿ. ಗಣಿತ ಮತ್ತು ಗಣಕ ವಿಜ್ಞಾನ ಪದ್ಧತಿಯವರು ಈಚೆಗೆ ವಿಸ್ತರಣಾ ಪಾಠವೆಂದು ಎಂಟ್ರೊಪಿಯನ್ನು ಆರಿಸಿಕೊಳ್ಳುವುದುಂಟು. ಬಿಸಿಎಗೋ ಇಂಜಿನಿಯರಿಂಗಿಗೋ ಹೋದ ಹಳೆಯ ವಿದ್ಯಾರ್ಥಿಗಳು ಬಂದು 'ಕ್ರಾಸ್ ಎಂಟ್ರೊಪಿ ಅಂದ್ರ ಏನ್ರಿ ಸರ' ಎಂದು ಕೇಳುವುದೂ ಉಂಟು. ಆದರೆ ಬಹುಪಾಲು ಪಾಠಯೋಜನೆಗಳು ಒಂದೇ ರೀತಿ ಶುರುವಾಗುತ್ತವೆ: ಎಂಟ್ರೊಪಿ ಎಂದರೆ ಅವ್ಯವಸ್ಥೆಯ ಅಳತೆ, ಸೂತ್ರ ಇದು, ಉದಾಹರಣೆ ಇದು. ಅಲ್ಲಿಂದ ಕ್ರಾಸ್ ಎಂಟ್ರೊಪಿಗೆ ಇನ್ನೊಂದು ಸೂತ್ರ, ರಿಲೇಟಿವ್ ಎಂಟ್ರೊಪಿಗೆ ಮತ್ತೊಂದು, ಇನ್ಫರ್ಮೇಷನ್ ಗೇನ್‌ಗೆ ಮಗದೊಂದು. ನಾಲ್ಕು ಸೂತ್ರ ಬರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. 'ಅವ್ಯವಸ್ಥೆ' ಎಂಬ ಪದ ಭೌತಶಾಸ್ತ್ರದ ಮನೆಯದು. ಅದನ್ನು ಹಿಡಿದುಕೊಂಡ ವಿದ್ಯಾರ್ಥಿ ಕ್ರಾಸ್ ಎಂಟ್ರೊಪಿ ಎಂದಾಗ 'ಎರಡರ ನಡುವಿನ ಅವ್ಯವಸ್ಥೆ' ಎಂದು ಬರೆದುಕೊಳ್ಳುತ್ತಾನೆ, ಅದರಿಂದ ಒಂದು ಲೆಕ್ಕವನ್ನೂ ಮಾಡಲಾರ. ಬದಲಿಗೆ ಅಚ್ಚರಿ ಎಂಬ ಒಂದೇ ಒಂದು ಪರಿಕಲ್ಪನೆಯನ್ನು ಎಣಿಕೆಗೆ ತಂದುಕೊಟ್ಟರೆ ಉಳಿದ ಮೂರೂ ಕೂಡುವ ಕಳೆಯುವ ಲೆಕ್ಕಗಳಾಗುತ್ತವೆ. ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಘಟಕ ಮುಗಿಸಿದ ಮಕ್ಕಳಿಗೆ, ಲಾಗರಿದಮ್ ಎಂಬ ಶಬ್ದವನ್ನೇ ಎತ್ತದೆ ಇದನ್ನು ಕಲಿಸಬಹುದು. ಯಡೂರಿನ ಕಡೆ ಈ ಪಾಠ ಮಾಡುವವರಿಗೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಕೃಷ್ಣೆಗೆ ಅಡ್ಡಲಾಗಿ ಕಲ್ಲೋಳ-ಯಡೂರ ಬ್ಯಾರೇಜ್ ಇದೆ, ಅದರ ಮೇಲೆ ಸೇತುವೆ ಇದೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆ ಮಳೆ ಜೋರಾದರೆ ಆ ಸೇತುವೆ ಮುಳುಗುತ್ತದೆ.

ಈ ಸೇತುವೆಯನ್ನು ಎತ್ತಿಕೊಂಡು ತರಗತಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸರಳ. 'ಸೇತುವೆ ಮುಳುಗಿದೆ' ಎಂಬ ಸುದ್ದಿ ಜುಲೈ ಕೊನೆಯಲ್ಲಿ ಬಂದರೆ ನಿಮಗೆ ಅಚ್ಚರಿಯೇ? ನಾನು ಕುಳಿತಿದ್ದ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: 'ಅದೇನ್ ಹೊಸಾದು ಸರ, ವರ್ಷಾ ಮುಳಗತೈತಿ.' ಅದೇ ಸುದ್ದಿ ಜನವರಿಯಲ್ಲಿ ಬಂದರೆ? 'ಹಂಗಾದ್ರ ಯಾವನೋ ಸುಳ್ಳ ಹೇಳ್ಯಾನ ಅಂತೀವಿ.' ಪಾಠದ ಅರ್ಧ ಅಲ್ಲಿಗೇ ಮುಗಿಯಿತು. ಘಟನೆ ಒಂದೇ, ಅಚ್ಚರಿ ಬೇರೆ. ಅಚ್ಚರಿ ಇರುವುದು ನೀರಿನಲ್ಲಿ ಅಲ್ಲ, ನಮ್ಮ ನಿರೀಕ್ಷೆಯಲ್ಲಿ. ಎಷ್ಟು ಹೆಚ್ಚು ನಿರೀಕ್ಷಿಸಿದ್ದೆವೋ ಅಷ್ಟು ಕಡಿಮೆ ಅಚ್ಚರಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಚ್ಚರಿ ಎಂದ ಕೂಡಲೇ ಮಕ್ಕಳು ಅದನ್ನು ಹೆದರಿಕೆಯೊಡನೆ, ಸಂತೋಷದೊಡನೆ ಬೆರೆಸುತ್ತಾರೆ. ಹೊಲಕ್ಕೆ ನೀರು ನುಗ್ಗಿ ಕಬ್ಬು ಹೋಗುವುದು ದೊಡ್ಡ ಹಾನಿ. ಆದರೆ ನದಿ ಏರುತ್ತಿರುವುದನ್ನು ಮೂರು ದಿನದಿಂದ ನೋಡುತ್ತಿದ್ದವನಿಗೆ ಅದು ದೊಡ್ಡ ಅಚ್ಚರಿಯಲ್ಲ. ನಾವು ಅಳೆಯುತ್ತಿರುವುದು ಹಾನಿಯನ್ನಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಮುಂದಿನ ಲೆಕ್ಕದಲ್ಲಿ ಯಾರಾದರೂ ಒಬ್ಬರು 'ಮುಳುಗಿದರೆ ಹೆಚ್ಚು ಅಂಕ ಕೊಡಬೇಕಲ್ರಿ' ಎಂದು ಕೇಳುವುದು ಖಂಡಿತ.

ಈಗ ಎಣಿಕೆ. ಮಳೆಗಾಲದ ಒಂದು ಬೆಳಿಗ್ಗೆ ಸೇತುವೆ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿ ಇರುತ್ತದೆ ಎಂದಿಟ್ಟುಕೊಳ್ಳೋಣ: ಮುಳುಗಿದೆ, ನೀರು ಅಂಚಿಗೆ ಬಂದಿದೆ, ತುಸು ಕೆಳಗಿದೆ, ಬಹಳ ಕೆಳಗಿದೆ. ಪ್ರತಿ ವಿದ್ಯಾರ್ಥಿಗೆ ಎಂಟು ಚೀಟಿ ಕೊಡಿ. ನಾಳೆ ಬೆಳಿಗ್ಗೆಯ ಬಗ್ಗೆ ತನ್ನ ನಿರೀಕ್ಷೆಯನ್ನು ಆ ಎಂಟು ಚೀಟಿಗಳಲ್ಲಿ ಹಂಚಿ ಬರೆಯಲಿ. ಊರಿನ ಹುಡುಗಿಯೊಬ್ಬಳು 'ಮುಳುಗಿದೆ' ಎಂದು ನಾಲ್ಕು ಚೀಟಿ, 'ಅಂಚಿಗೆ' ಎಂದು ಎರಡು, ಉಳಿದ ಎರಡಕ್ಕೆ ಒಂದೊಂದು ಬರೆದಳು ಎನ್ನಿ. ಬೆಳಿಗ್ಗೆ ಸೇತುವೆ ಮುಳುಗಿತ್ತು. ಅವಳ ಅಚ್ಚರಿ ಎಷ್ಟು? ಎಂಟನ್ನು ಎಷ್ಟು ಸಲ ಅರ್ಧ ಮಾಡಿದರೆ ಆ ಸ್ಥಿತಿಗೆ ಅವಳು ಇಟ್ಟ ಚೀಟಿಗಳ ಸಂಖ್ಯೆ ಬರುತ್ತದೆಯೋ ಅಷ್ಟು. ಎಂಟರ ಅರ್ಧ ನಾಲ್ಕು, ಆದ್ದರಿಂದ ಒಂದು. 'ಅಂಚಿಗೆ' ಆಗಿದ್ದರೆ ಎಂಟು, ನಾಲ್ಕು, ಎರಡು: ಎರಡು ಸಲ. ಒಂದೇ ಚೀಟಿ ಇಟ್ಟ ಸ್ಥಿತಿ ಬಂದಿದ್ದರೆ ಮೂರು ಸಲ. ಈ ಎಣಿಕೆಯ ಏಕಮಾನಕ್ಕೆ ಬಿಟ್ ಎಂದು ಹೆಸರು. ಎಂಟಕ್ಕೆ ಎಂಟೂ ಚೀಟಿಯನ್ನು ಒಂದೇ ಸ್ಥಿತಿಗೆ ಇಟ್ಟು ಅದೇ ಬಂದರೆ ಅರ್ಧ ಮಾಡುವುದೇ ಇಲ್ಲ, ಅಚ್ಚರಿ ಸೊನ್ನೆ.

ಅರ್ಧ ಮಾಡುವುದನ್ನೇ ಏಕೆ ಎಣಿಸಬೇಕು, ಒಂದರಿಂದ ಸಂಭವನೀಯತೆಯನ್ನು ಕಳೆದರೆ ಸಾಲದೇ ಎಂದು ಒಬ್ಬ ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಉತ್ತರಕ್ಕೆ ಎರಡು ನಾಣ್ಯ ಸಾಕು. ಒಂದು ನಾಣ್ಯ ತಲೆ ಬೀಳುವುದು ಒಂದು ಬಿಟ್ ಅಚ್ಚರಿ. ಎರಡು ನಾಣ್ಯವೂ ತಲೆ ಬೀಳುವ ಸಂಭವನೀಯತೆ ಕಾಲು, ಅಂದರೆ ಎರಡು ಸಲ ಅರ್ಧ, ಎರಡು ಬಿಟ್. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಲ್ಲಿ ಸಂಭವನೀಯತೆಗಳು ಗುಣಿಸಿಕೊಳ್ಳುತ್ತವೆ, ಅಚ್ಚರಿಗಳು ಕೂಡಿಕೊಳ್ಳುತ್ತವೆ. ಒಂದರಿಂದ ಕಳೆಯುವ ಅಳತೆಯಲ್ಲಿ ಅರ್ಧ ಮತ್ತು ಅರ್ಧ ಕೂಡಿದರೆ ಒಂದಾಗುತ್ತದೆ, ಆದರೆ ನೇರ ಲೆಕ್ಕ ಮುಕ್ಕಾಲು ಎನ್ನುತ್ತದೆ. ಕೂಡಲು ಬಾರದ ಅಳತೆಯಿಂದ ಸರಾಸರಿ ತೆಗೆದು ಏನೂ ಪ್ರಯೋಜನವಿಲ್ಲ. ಮುಂದಿನದೆಲ್ಲ ಸರಾಸರಿಯೇ.

ಈಗ ಇಬ್ಬರನ್ನು ನಿಲ್ಲಿಸಿ. ಒಬ್ಬಳು ಊರಿನ ಹುಡುಗಿ, ಅವಳ ಚೀಟಿಗಳು ಮೇಲೆ ಹೇಳಿದಂತೆ ನಾಲ್ಕು, ಎರಡು, ಒಂದು, ಒಂದು. ಇನ್ನೊಬ್ಬ ಪರಊರಿನಿಂದ ಬಂದವನು, ಸೇತುವೆ ಎಂದರೆ ನೀರು ಅದರ ಕೆಳಗೆ ಹರಿಯಬೇಕು ಎಂದು ನಂಬಿದವನು. ಅವನ ಚೀಟಿಗಳು ತದ್ವಿರುದ್ಧ: ಮುಳುಗಿದೆ ಒಂದು, ಅಂಚಿಗೆ ಒಂದು, ತುಸು ಕೆಳಗೆ ಎರಡು, ಬಹಳ ಕೆಳಗೆ ನಾಲ್ಕು. ಎಂಟು ಬೆಳಿಗ್ಗೆಗಳ ದಾಖಲೆಯನ್ನು ಹಲಗೆಯ ಮೇಲೆ ಬರೆಯಿರಿ. ಪಾಠಕ್ಕೆಂದು ಮಾಡಿಕೊಂಡ ದಾಖಲೆ ಇದು: ನಾಲ್ಕು ದಿನ ಮುಳುಗಿತ್ತು, ಎರಡು ದಿನ ನೀರು ಅಂಚಿಗೆ ಇತ್ತು, ಒಂದು ದಿನ ತುಸು ಕೆಳಗೆ, ಒಂದು ದಿನ ಬಹಳ ಕೆಳಗೆ.

ಹುಡುಗಿಯ ಒಟ್ಟು ಅಚ್ಚರಿ: ಮುಳುಗಿದ ನಾಲ್ಕು ದಿನಕ್ಕೆ ಒಂದೊಂದು ಬಿಟ್, ನಾಲ್ಕು. ಅಂಚಿನ ಎರಡು ದಿನಕ್ಕೆ ಎರಡೆರಡು, ನಾಲ್ಕು. ಉಳಿದ ಎರಡು ದಿನಕ್ಕೆ ಮೂರು ಮೂರು, ಆರು. ಒಟ್ಟು 14 ಬಿಟ್. ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ 1.75. ಪರಊರಿನವನದು: ಮುಳುಗಿದ ನಾಲ್ಕು ದಿನಕ್ಕೆ ಮೂರು ಮೂರರಂತೆ 12, ಅಂಚಿನ ಎರಡು ದಿನಕ್ಕೆ ಆರು, ತುಸು ಕೆಳಗಿನ ದಿನಕ್ಕೆ ಎರಡು, ಬಹಳ ಕೆಳಗಿನ ದಿನಕ್ಕೆ ಒಂದು. ಒಟ್ಟು 21 ಬಿಟ್, ದಿನಕ್ಕೆ 2.625.

ಇಲ್ಲಿಗೆ ಮೂರು ಹೆಸರುಗಳನ್ನು ಇಡಬಹುದು. ನಡೆದದ್ದು ಒಂದು ರೀತಿ, ನಿರೀಕ್ಷಿಸಿದ್ದು ಇನ್ನೊಂದು ರೀತಿ ಇರುವಾಗ ದಿನವೊಂದಕ್ಕೆ ಅನುಭವಿಸುವ ಸರಾಸರಿ ಅಚ್ಚರಿಯೇ ಕ್ರಾಸ್ ಎಂಟ್ರೊಪಿ. ಪರಊರಿನವನದು 2.625. ನಿರೀಕ್ಷೆ ನಡೆದದ್ದಕ್ಕೆ ಸರಿಯಾಗಿ ಹೊಂದಿದ್ದಾಗಲೂ ತಪ್ಪದೆ ಉಳಿಯುವ ಅಚ್ಚರಿ ಎಂಟ್ರೊಪಿ. ಹುಡುಗಿಯ ಚೀಟಿಗಳು ದಾಖಲೆಯೊಡನೆ ಸರಿಹೊಂದಿವೆ, ಆದ್ದರಿಂದ ಅವಳ 1.75 ಎಂಟ್ರೊಪಿಯೇ ಆಗಿದೆ. ಈ ಎಂಟು ದಿನಗಳಿಗೆ ಎಂಟು ಚೀಟಿಗಳನ್ನು ಬೇರೆ ಹೇಗೆ ಹಂಚಿದರೂ 14ಕ್ಕಿಂತ ಕಡಿಮೆ ಬರುವುದಿಲ್ಲ. ಮಕ್ಕಳು ಪ್ರಯತ್ನಿಸಿ ನೋಡಲಿ, ಹತ್ತು ನಿಮಿಷ ಅದಕ್ಕೇ ಕೊಟ್ಟರೂ ನಷ್ಟವಿಲ್ಲ. ಎರಡರ ವ್ಯತ್ಯಾಸ, ಏಳು ಬಿಟ್ ಎಂಟು ದಿನಕ್ಕೆ, ಅಂದರೆ 0.875, ಇದು ರಿಲೇಟಿವ್ ಎಂಟ್ರೊಪಿ. ನದಿಯಿಂದ ಬಂದ ಅಚ್ಚರಿಯಲ್ಲ, ತಪ್ಪು ನಿರೀಕ್ಷೆಯಿಂದ ಬಂದ ಹೆಚ್ಚುವರಿ ಅಚ್ಚರಿ. ಸಾಲೊಮನ್ ಕುಲ್‌ಬ್ಯಾಕ್ ಮತ್ತು ರಿಚರ್ಡ್ ಲೈಬ್ಲರ್ 1951ರಲ್ಲಿ ಇದನ್ನು ವಿವರಿಸಿದ್ದರಿಂದ ಅವರಿಬ್ಬರ ಹೆಸರಿನಿಂದಲೂ ಕರೆಯುತ್ತಾರೆ. ಎಂಟ್ರೊಪಿ ಮಾತ್ರ ಕ್ಲಾಡ್ ಶ್ಯಾನನ್ ಅವರ 1948ರ ಲೇಖನದ್ದು. ಇಷ್ಟು ಇತಿಹಾಸ ಸಾಕು. ಕೆಲವು ಪಾಠಯೋಜನೆಗಳಲ್ಲಿ ಶ್ಯಾನನ್ ಅವರ ಜೀವನಚರಿತ್ರೆಗೇ ಎಂಟು ನಿಮಿಷ ಇಟ್ಟಿರುವುದನ್ನು ಕಂಡಿದ್ದೇನೆ.

ಈ ಹಂತದಲ್ಲಿ ನಾನು ಪ್ರಶಿಕ್ಷಣಾರ್ಥಿಗಳಿಂದ ಕಡ್ಡಾಯವಾಗಿ ನಿರೀಕ್ಷಿಸುವ ಒಂದು ಪ್ರಶ್ನೆ ಇದೆ. ನೀರು ಬಹಳ ಕೆಳಗಿದ್ದ ಆ ಒಂದು ದಿನ ಇಬ್ಬರಲ್ಲಿ ಯಾರಿಗೆ ಕಡಿಮೆ ಅಚ್ಚರಿಯಾಯಿತು? ಪರಊರಿನವನಿಗೆ. ಅವನಿಗೆ ಒಂದು ಬಿಟ್, ಹುಡುಗಿಗೆ ಮೂರು. ಆ ದಿನ ಅವನು ಊರಿನವರ ಮುಂದೆ 'ನಾ ಹೇಳಿದ್ದಿಲ್ಲೇನ್ರಿ' ಎಂದು ಮೀಸೆ ತಿರುವಬಹುದು. ಒಂದು ದಿನದ ಅಚ್ಚರಿಯಿಂದ ಯಾರ ನಿರೀಕ್ಷೆ ಉತ್ತಮ ಎಂದು ಹೇಳಲಾಗದು. ಸರಾಸರಿಯಲ್ಲಿ ಮಾತ್ರ ಹೆಚ್ಚುವರಿ ಎಂದಿಗೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಸೂತ್ರದಿಂದ ಶುರುಮಾಡಿದ ತರಗತಿಯಲ್ಲಿ 'ಒಂದು ಪದ ಋಣಾತ್ಮಕ ಬಂತು, ಲೆಕ್ಕ ತಪ್ಪಿದೆ' ಎಂದು ಅಳಿಸಿಬಿಡುತ್ತಾರೆ. ಚೀಟಿಯಿಂದ ಶುರುಮಾಡಿದ ತರಗತಿಯಲ್ಲಿ ಆ ಪದ ಯಾವ ದಿನದ್ದು ಎಂದು ಬೆರಳಿಟ್ಟು ತೋರಿಸುತ್ತಾರೆ.

ಇನ್ನು ಉದಾಹರಣೆಯ ಅಂಕಿಗಳನ್ನು ಆರಿಸುವಾಗ ಬೀಳುವ ಒಂದು ಗುಂಡಿ. ಮೇಲಿನ ಲೆಕ್ಕವನ್ನೇ ತಿರುಗಿಸಿ. ನಡೆದದ್ದು ಪರಊರಿನವನ ಚೀಟಿಗಳಂತೆ, ನಿರೀಕ್ಷೆ ಹುಡುಗಿಯದು ಎಂದಿಟ್ಟುಕೊಂಡರೆ ಹೆಚ್ಚುವರಿ ಎಷ್ಟು? ಅದೂ ಏಳು ಬಿಟ್, 0.875. ತರಗತಿ ಕೂಡಲೇ 'ಯಾವ ಕಡೆಯಿಂದ ನೋಡಿದರೂ ಒಂದೇ' ಎಂದು ತೀರ್ಮಾನಿಸುತ್ತದೆ, ಅಂತರದ ಹಾಗೆ. ಇದು ಅಂಕಿಗಳ ಆಟ. ಒಬ್ಬರ ಚೀಟಿಗಳನ್ನು ತಲೆಕೆಳಗು ಮಾಡಿದರೆ ಇನ್ನೊಬ್ಬರದಾಗುತ್ತದೆ, ಕನ್ನಡಿಯ ಬಿಂಬದ ಹಾಗೆ. ಆದ್ದರಿಂದ ಎರಡೂ ದಿಕ್ಕಿನ ಲೆಕ್ಕ ಒಂದೇ ಆಗಲೇಬೇಕು. ಎಲ್ಲ ಸ್ಥಿತಿಗಳಿಗೂ ಎರಡೆರಡು ಚೀಟಿ ಹಂಚಿದ ಮೂರನೆಯವನನ್ನು ತಂದು ಹುಡುಗಿಯೊಡನೆ ಹೋಲಿಸಿದರೂ ಎರಡು ದಿಕ್ಕಿನಲ್ಲೂ 0.25 ಬರುತ್ತದೆ, ಅದೂ ಆಕಸ್ಮಿಕ. ಸುಲಭವಾಗಲಿ ಎಂದು ಅರ್ಧ, ಕಾಲು, ಅರೆಕಾಲು ಆರಿಸಿಕೊಂಡಾಗ ಈ ಆಕಸ್ಮಿಕ ಮತ್ತೆ ಮತ್ತೆ ಎದುರಾಗುತ್ತದೆ. ಪಾಠಕ್ಕೆ ಹೋಗುವ ಮೊದಲು ಎರಡೂ ದಿಕ್ಕಿನ ಲೆಕ್ಕ ಮಾಡಿ ನೋಡದೆ ಉದಾಹರಣೆಯನ್ನು ಹಲಗೆಗೆ ತರಬಾರದು.

ವ್ಯತ್ಯಾಸ ಎದ್ದು ಕಾಣಬೇಕಾದರೆ ಸೊನ್ನೆ ಚೀಟಿ ಇಟ್ಟವನನ್ನು ಕರೆಯಿರಿ. ಸ್ಥಿತಿಗಳು ಎರಡೇ ಇರಲಿ: ಮುಳುಗಿದೆ, ಮುಳುಗಿಲ್ಲ. ಒಬ್ಬ ಎಂಟೂ ಚೀಟಿಯನ್ನು 'ಮುಳುಗಿಲ್ಲ' ಎಂಬುದಕ್ಕೆ ಇಟ್ಟ, ಇನ್ನೊಬ್ಬ ನಾಲ್ಕು ನಾಲ್ಕು ಹಂಚಿದ. ನಿಜವಾಗಿ ಒಂದು ದಿನವೂ ಮುಳುಗದಿದ್ದರೆ ನಾಲ್ಕು ನಾಲ್ಕು ಹಂಚಿದವನಿಗೆ ದಿನಕ್ಕೆ ಒಂದು ಬಿಟ್ ಹೆಚ್ಚುವರಿ, ಅಷ್ಟೇ. ನಿಜವಾಗಿ ಅರ್ಧ ದಿನಗಳಲ್ಲಿ ಮುಳುಗಿದರೆ ಮೊದಲನೆಯವನ ಹೆಚ್ಚುವರಿ ಎಷ್ಟು? ಎಂಟನ್ನು ಎಷ್ಟು ಸಲ ಅರ್ಧ ಮಾಡಿದರೆ ಸೊನ್ನೆ ಬರುತ್ತದೆ? ಎಂದಿಗೂ ಬರುವುದಿಲ್ಲ. ಮೊದಲ ಸಲ ಮುಳುಗಿದ ದಿನವೇ ಅವನ ಅಚ್ಚರಿ ಅನಂತ, ಮುಂದೆ ನೂರು ದಿನ ಸರಿ ಹೇಳಿದರೂ ಸರಾಸರಿ ಕೆಳಗಿಳಿಯದು. ಒಂದು ದಿಕ್ಕಿನಲ್ಲಿ ಒಂದು, ಇನ್ನೊಂದು ದಿಕ್ಕಿನಲ್ಲಿ ಅನಂತ. ರಿಲೇಟಿವ್ ಎಂಟ್ರೊಪಿಯನ್ನು ಅಂತರ ಎಂದು ಕರೆಯಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ. ಸಂಭವನೀಯತೆಯ ವಿತರಣೆಗಳ ನಡುವೆ ನಿಜವಾದ ಅಂತರವನ್ನು ಹೇಗೆ ಅಳೆಯುವುದು ಎಂಬ ಪ್ರಶ್ನೆಯನ್ನು 1945ರಲ್ಲಿ ಎತ್ತಿಕೊಂಡವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಅದು ಬೇರೆ ಪಾಠ, ಹತ್ತನೆಯ ತರಗತಿಗೆ ಅಲ್ಲ.

ಸೊನ್ನೆ ಚೀಟಿ ಕೃಷ್ಣಾ ತೀರದಲ್ಲಿ ಬರೀ ಗಣಿತದ ಮಾತಲ್ಲ. 2005ರ ಮಹಾಪೂರದ ಗುರುತನ್ನೇ ಕೊನೆಯ ಗೆರೆ ಎಂದು ಹಿಡಿದವರಿಗೆ 2019ರ ಆಗಸ್ಟ್ ಬಂತು. ಮೇಲ್ಭಾಗದ ಸಾಂಗ್ಲಿಯಲ್ಲಿ ನದಿಯ ಮಟ್ಟ 2005ರದನ್ನು ಮೀರಿತು. 'ಇದಕ್ಕಿಂತ ಮೇಲೆ ಬರುವುದಿಲ್ಲ' ಎಂದು ಮನೆಯ ಸಾಮಾನನ್ನು ಆ ಗೆರೆಯ ಮೇಲಷ್ಟೇ ಎತ್ತಿಡುವುದು ಎಂದರೆ ಅದಕ್ಕಿಂತ ಹೆಚ್ಚಿನ ಮಟ್ಟಕ್ಕೆ ಸೊನ್ನೆ ಚೀಟಿ ಇಡುವುದೇ. ಇದಕ್ಕೆ ಗಣಿತದಲ್ಲಿ ಹಳೆಯ, ಸರಳ ಪರಿಹಾರವಿದೆ. ದಾಖಲೆಯಿಂದ ಚೀಟಿ ಹಂಚುವ ಮೊದಲು ಪ್ರತಿಯೊಂದು ಸ್ಥಿತಿಗೂ, ಇದುವರೆಗೆ ಕಾಣದ್ದಕ್ಕೂ, ಒಂದೊಂದು ಚೀಟಿಯನ್ನು ಸುಮ್ಮನೆ ಇಟ್ಟುಬಿಡುವುದು. ಲಾಪ್ಲಾಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಕ್ರಮ ಇದು. ಇದರಿಂದ ದಿನನಿತ್ಯದ ಅಚ್ಚರಿ ತುಸು ಹೆಚ್ಚುತ್ತದೆ, ಅನಂತ ಮಾತ್ರ ತಪ್ಪುತ್ತದೆ. ಆದರೆ ಸ್ಥಿತಿಗಳ ಪಟ್ಟಿಯಲ್ಲೇ ಇಲ್ಲದ ಸ್ಥಿತಿಗೆ ಇದೂ ಚೀಟಿ ಇಡಲಾರದು. ಪಟ್ಟಿ ಮಾಡುವಾಗಲೇ 'ಹಿಂದೆಂದೂ ಕಾಣದಷ್ಟು ಮೇಲೆ' ಎಂಬ ಸಾಲೊಂದನ್ನು ಬರೆಯಬೇಕೆಂದು ಮಕ್ಕಳೇ ಹೇಳುವಂತೆ ಮಾಡಬೇಕು.

ಮೂರನೆಯದು ಇನ್ಫರ್ಮೇಷನ್ ಗೇನ್, ಮಾಹಿತಿಯಿಂದ ಆದ ಗಳಿಕೆ. ಈ ಭಾಗದ ಪತ್ರಿಕೆ ಓದುವವರಿಗೆಲ್ಲ ರಾಜಾಪುರ ಬ್ಯಾರೇಜ್ ಗೊತ್ತು. ಮಹಾರಾಷ್ಟ್ರದ ಶಿರೋಳ ತಾಲೂಕಿನ ಆ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಹೊರಬಿದ್ದಿದೆ ಎಂಬುದು ಮಳೆಗಾಲದಲ್ಲಿ ದಿನವೂ ಅಚ್ಚಾಗುತ್ತದೆ. ಅದಕ್ಕೆ ದೂಧಗಂಗೆಯ ನೀರನ್ನು ಕೂಡಿದರೆ ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಎಷ್ಟು ಹರಿಯುತ್ತಿದೆ ಎಂದು ತಿಳಿಯುತ್ತದೆ. ಹಿಂದಿನ ಸಂಜೆ ರಾಜಾಪುರದ ಹೊರಹರಿವು ಹೆಚ್ಚೋ ಕಡಿಮೆಯೋ ಎಂದು ಮೊದಲೇ ಹೇಳಿದರೆ ಬೆಳಗಿನ ಅಚ್ಚರಿ ಎಷ್ಟು ಇಳಿಯುತ್ತದೆ? ಅದೇ ಎಂಟು ದಿನಗಳಲ್ಲಿ ನಾಲ್ಕು ಸಂಜೆ 'ಹೆಚ್ಚು' ಎಂದಿತ್ತು, ಆ ನಾಲ್ಕರ ಮರುದಿನವೂ ಸೇತುವೆ ಮುಳುಗಿತ್ತು ಎನ್ನಿ. ಉಳಿದ ನಾಲ್ಕು ಸಂಜೆ 'ಕಡಿಮೆ'. ಆ ಗುಂಪಿನಲ್ಲಿ ಅಂಚಿಗೆ ಎರಡು, ತುಸು ಕೆಳಗೆ ಒಂದು, ಬಹಳ ಕೆಳಗೆ ಒಂದು. 'ಹೆಚ್ಚು' ಎಂದು ಕೇಳಿದ ಮೇಲೆ ಅಚ್ಚರಿ ಸೊನ್ನೆ. 'ಕಡಿಮೆ' ಎಂದು ಕೇಳಿದ ಮೇಲೆ ನಾಲ್ಕರಲ್ಲಿ ಎರಡು, ಒಂದು, ಒಂದು: ಒಂದೊಂದು ಬಿಟ್‌ನ ಎರಡು ದಿನ, ಎರಡೆರಡು ಬಿಟ್‌ನ ಎರಡು ದಿನ, ಒಟ್ಟು ಆರು. ಮೊದಲು 14 ಇತ್ತು, ಈಗ 6. ಎಂಟು ದಿನಕ್ಕೆ ಎಂಟು ಬಿಟ್ ಉಳಿಯಿತು, ದಿನಕ್ಕೆ ಒಂದು ಬಿಟ್ ಗಳಿಕೆ.

ಈ ಗಳಿಕೆಯೂ ರಿಲೇಟಿವ್ ಎಂಟ್ರೊಪಿಯ ಲೆಕ್ಕವೇ ಎಂದು ಇಲ್ಲಿ ತೋರಿಸಬಹುದು. 'ಹೆಚ್ಚು' ಎಂದು ಕೇಳಿದ ಮೇಲೆಯೂ ಹಳೆಯ ಚೀಟಿಗಳನ್ನೇ ಹಿಡಿದುಕೊಂಡು ಕುಳಿತವನಿಗೆ ಮುಳುಗಿದ ಪ್ರತಿ ದಿನಕ್ಕೆ ಒಂದು ಬಿಟ್ ಹೆಚ್ಚುವರಿ ಅಚ್ಚರಿ. 'ಕಡಿಮೆ' ಎಂದ ಮೇಲೆಯೂ ಹಳೆಯದನ್ನೇ ಹಿಡಿದವನಿಗೆ ಅಂಚಿನ ದಿನ ಒಂದರ ಬದಲು ಎರಡು, ಉಳಿದ ದಿನ ಎರಡರ ಬದಲು ಮೂರು, ಅಲ್ಲೂ ದಿನಕ್ಕೆ ಒಂದು ಹೆಚ್ಚುವರಿ. ಸುದ್ದಿ ಕೇಳಿಯೂ ನಿರೀಕ್ಷೆಯನ್ನು ಬದಲಿಸದವನು ತೆರುವ ದಂಡದ ಸರಾಸರಿಯೇ ಆ ಸುದ್ದಿಯ ಬೆಲೆ.

ಈಗ ಒಂದು ನಿರುಪಯೋಗಿ ಪ್ರಶ್ನೆ ಕೇಳಿ: ತಾರೀಖು ಬೆಸವೋ ಸಮವೋ? ಬೆಸ ತಾರೀಖಿನ ನಾಲ್ಕು ದಿನಗಳಲ್ಲಿ ಎರಡು ಮುಳುಗಿದ್ದು, ಒಂದು ಅಂಚು, ಒಂದು ತುಸು ಕೆಳಗೆ. ಸಮ ತಾರೀಖಿನ ನಾಲ್ಕರಲ್ಲಿ ಎರಡು ಮುಳುಗಿದ್ದು, ಒಂದು ಅಂಚು, ಒಂದು ಬಹಳ ಕೆಳಗೆ. ಎರಡು ಗುಂಪಿನಲ್ಲೂ ಆರಾರು ಬಿಟ್, ಒಟ್ಟು 12. ಹದಿನಾಲ್ಕರಿಂದ ಹನ್ನೆರಡಕ್ಕೆ ಇಳಿಯಿತು, ದಿನಕ್ಕೆ 0.25 ಗಳಿಕೆ. ತಾರೀಖಿಗೂ ಕೃಷ್ಣೆಗೂ ಏನು ಸಂಬಂಧ? ಏನೂ ಇಲ್ಲ. ಆದರೂ ಸೊನ್ನೆ ಬರಲಿಲ್ಲ. ಒಂದೊಂದೇ ಸಲ ಕಂಡ ಸ್ಥಿತಿಗಳು ಎರಡಿವೆ, ಅವು ಯಾವುದಾದರೂ ಒಂದು ಗುಂಪಿಗೆ ಬೀಳಲೇಬೇಕು, ಬಿದ್ದ ಕೂಡಲೇ ಆ ಗುಂಪು 'ಏನೋ ಗೊತ್ತಾಯಿತು' ಎನ್ನುತ್ತದೆ. ಈ ಎಂಟು ದಿನಗಳನ್ನು ನಾಲ್ಕು ನಾಲ್ಕರ ಎರಡು ಗುಂಪಾಗಿ ಹೇಗೆ ಒಡೆದರೂ ಉಳಿತಾಯ ಎರಡು ಬಿಟ್‌ಗಿಂತ ಕಡಿಮೆ ಆಗುವುದೇ ಇಲ್ಲ. ಚಿಕ್ಕ ದಾಖಲೆಯಲ್ಲಿ ಗಳಿಕೆ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ನಿಜವಾದ ಗಳಿಕೆಯನ್ನು ಗುರುತಿಸುವುದು ಹೇಗೆ ಎಂದರೆ ಕಲಸಿ ನೋಡುವುದು. 'ಹೆಚ್ಚು' ನಾಲ್ಕು, 'ಕಡಿಮೆ' ನಾಲ್ಕು ಎಂದು ಎಂಟು ಚೀಟಿ ಮಾಡಿ, ಕಲಸಿ, ದಿನಗಳಿಗೆ ಕುರುಡಾಗಿ ಹಂಚಿ, ಗಳಿಕೆ ಲೆಕ್ಕ ಹಾಕಿ. ಹಂಚುವ ರೀತಿಗಳು ಒಟ್ಟು 70. ಅವುಗಳಲ್ಲಿ ಪೂರ್ತಿ ಒಂದು ಬಿಟ್ ಗಳಿಕೆ ಬರುವುದು ಎರಡೇ ರೀತಿಗಳಲ್ಲಿ, ಮುಳುಗಿದ ನಾಲ್ಕೂ ದಿನ ಒಂದೇ ಗುಂಪಿಗೆ ಬಿದ್ದಾಗ. ರಾಜಾಪುರದ ಒಂದು ಬಿಟ್ ಸುಮ್ಮನೆ ಬಂದದ್ದಲ್ಲ ಎನ್ನಲು ಇದು ಆಧಾರ. ಬೆಸ-ಸಮದ 0.25 ಮಾತ್ರ ಕಲಸಿದ ಹಂಚಿಕೆಗಳಲ್ಲೇ ತೀರಾ ಕೆಳಗಿನದು. ಈ ಕಲಸುವ ಚಟುವಟಿಕೆಯನ್ನು ಗುಂಪು ಕೆಲಸವಾಗಿ ಕೊಟ್ಟರೆ ಹತ್ತು ಗುಂಪು ಹತ್ತು ಸಲ ಮಾಡಿ ಹಲಗೆಯ ಮೇಲೆ ಬರೆಯಬಹುದು.

ಇದೇ ದೋಷ ಅತಿಯಾದಾಗ ಏನಾಗುತ್ತದೆ ಎಂಬುದಕ್ಕೆ 'ಇಂದು ಎಷ್ಟನೇ ತಾರೀಖು?' ಎಂದು ಕೇಳಿ. ಪ್ರತಿ ದಿನವೂ ತನ್ನದೇ ಗುಂಪು, ಪ್ರತಿ ಗುಂಪಿನಲ್ಲೂ ಒಂದೇ ದಿನ, ಅಚ್ಚರಿ ಸೊನ್ನೆ, ಗಳಿಕೆ ಪೂರ್ತಿ 1.75. ಕಾಗದದ ಮೇಲೆ ಇದು ರಾಜಾಪುರಕ್ಕಿಂತ ಉತ್ತಮ ಪ್ರಶ್ನೆ, ಮುಂದಿನ ತಿಂಗಳಿಗೆ ಮೂರು ಕಾಸಿನ ಉಪಯೋಗವಿಲ್ಲ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ವಿದ್ಯಾರ್ಥಿಯ ಹಾಜರಿ ಸಂಖ್ಯೆಯಿಂದ ಅವನ ಫಲಿತಾಂಶವನ್ನು ಊಹಿಸಿದಂತೆ. ಗಳಿಕೆಯನ್ನೇ ನೋಡಿ ಪ್ರಶ್ನೆಗಳನ್ನು ಆರಿಸಿ ನಿರ್ಣಯ ವೃಕ್ಷ ಕಟ್ಟುವ ಐಡಿ3 ಎಂಬ ಕ್ರಮವನ್ನು ರಾಸ್ ಕ್ವಿನ್‌ಲನ್ ರೂಪಿಸಿದರು. ಈ ದೋಷಕ್ಕೆ ಅವರೇ ಮಾಡಿದ ತಿದ್ದುಪಡಿ, ಗಳಿಕೆಯನ್ನು ಪ್ರಶ್ನೆಯದೇ ಎಂಟ್ರೊಪಿಯಿಂದ ಭಾಗಿಸುವುದು. ಎಂಟು ಉತ್ತರಗಳುಳ್ಳ ತಾರೀಖಿನ ಪ್ರಶ್ನೆಯದು ಮೂರು ಬಿಟ್, ಎರಡು ಉತ್ತರಗಳ ರಾಜಾಪುರದ್ದು ಒಂದು. 1.75ನ್ನು 3ರಿಂದ ಭಾಗಿಸಿದರೆ 0.58, ರಾಜಾಪುರದ್ದು ಒಂದೇ ಉಳಿಯಿತು.

ಸೂತ್ರಗಳನ್ನು ಹಲಗೆಗೆ ತರುವುದು ಇಷ್ಟೆಲ್ಲ ಆದ ಮೇಲೆ. ಆಗ ಅವು ಮಕ್ಕಳು ಆಗಲೇ ಮಾಡಿದ ಲೆಕ್ಕದ ಸಂಕ್ಷಿಪ್ತ ಬರಹ. p ಎಂದರೆ ನಡೆದದ್ದು, q ಎಂದರೆ ನಿರೀಕ್ಷಿಸಿದ್ದು:

```
H(p)    = -Σ p log2 p
H(p, q) = -Σ p log2 q
D(p||q) = H(p, q) - H(p)
```

ಕೆಲವು ಸಹೋದ್ಯೋಗಿಗಳು ಇದಕ್ಕೆ ಒಪ್ಪುವುದಿಲ್ಲ. ಸಂಕೇತದ ಉದ್ದದಿಂದ, ಅಂದರೆ ಪ್ರತಿ ಸ್ಥಿತಿಗೆ ಎಷ್ಟು ಸೊನ್ನೆ-ಒಂದುಗಳ ಸಂಕೇತ ಬೇಕು ಎಂಬುದರಿಂದ ಶುರುಮಾಡುವುದೇ ಹೆಚ್ಚು ಶುದ್ಧ ಎನ್ನುತ್ತಾರೆ. ಗಣಕ ವಿಜ್ಞಾನದ ಪದವಿ ತರಗತಿಗೆ ಅದು ಸರಿ. ಹತ್ತನೆಯ ತರಗತಿಯ ಮಗುವಿಗೆ ಮೊದಲು ಸಂಕೇತ, ಆಮೇಲೆ ತಪ್ಪು ಸಂಕೇತ, ಆಮೇಲೆ ಅದರ ಹೆಚ್ಚುವರಿ ಉದ್ದ ಎಂದು ಮೂರು ಹೊಸ ಸಂಗತಿ ಹೇಳಬೇಕಾಗುತ್ತದೆ. ಅಚ್ಚರಿ ಅವನಿಗೆ ಹೊಸದಲ್ಲ.

ಬಿಸಿಎ ಓದುತ್ತಿರುವ ಹಳೆಯ ವಿದ್ಯಾರ್ಥಿ ಬಂದು ಕೇಳಿದರೆ ಒಂದು ಸಂಗತಿ ಸೇರಿಸಿ ಹೇಳಿ. ಅವನ ಪ್ರೋಗ್ರಾಮು ಪರದೆಯ ಮೇಲೆ `loss` ಎಂದು ತೋರಿಸುವ ಸಂಖ್ಯೆ ಬಹಳ ಸಲ ಕ್ರಾಸ್ ಎಂಟ್ರೊಪಿಯೇ, ಆದರೆ ಬಿಟ್‌ನಲ್ಲಿ ಅಲ್ಲ. ಅಲ್ಲಿ 2ರ ಬದಲು e ಆಧಾರದ ಲಾಗರಿದಮ್ ಇರುತ್ತದೆ, ಒಂದು ಬಿಟ್ ಅಲ್ಲಿ 0.693 ಆಗುತ್ತದೆ. ಎರಡು ವರ್ಗಗಳನ್ನು ಬೇರ್ಪಡಿಸುವ ಪ್ರೋಗ್ರಾಮಿನಲ್ಲಿ ಆ ಸಂಖ್ಯೆ 0.693ರ ಹತ್ತಿರವೇ ನಿಂತುಬಿಟ್ಟರೆ ಅದು ನಾಣ್ಯ ಚಿಮ್ಮಿ ಹೇಳುತ್ತಿದೆ ಎಂದರ್ಥ, ಏನೂ ಕಲಿತಿಲ್ಲ. ನಾಲ್ಕು ವರ್ಗಗಳಾದರೆ ಆ ಗೆರೆ ಎರಡು ಬಿಟ್, ಅಂದರೆ 1.386. ಗೆರೆಗಿಂತ ಮೇಲಿದ್ದರೆ ಏನೂ ತಿಳಿಯದವನಿಗಿಂತ ಕೆಟ್ಟ ಸ್ಥಿತಿ, ತಪ್ಪನ್ನು ಧೈರ್ಯದಿಂದ ಹೇಳುತ್ತಿದೆ. ನಮ್ಮ ಪರಊರಿನವನ 2.625 ಬಿಟ್ ಅಂಥದ್ದು. ಸೇತುವೆಯ ಬಗ್ಗೆ ಏನೂ ಗೊತ್ತಿಲ್ಲವೆಂದು ಎಲ್ಲಕ್ಕೂ ಎರಡೆರಡು ಚೀಟಿ ಹಂಚಿದ್ದರೆ ಅವನಿಗೆ ದಿನಕ್ಕೆ ಎರಡೇ ಬಿಟ್‌ನಲ್ಲಿ ಮುಗಿಯುತ್ತಿತ್ತು.